ಮಳೆ ಬಂದರೆ ಕರೆಂಟ್ ಟ್ರಿಪ್ ಆಗುವ ಆಫೀಸನ್ನು ಬಾಡಿಗೆಗೆ ಹಿಡಿಯಬೇಡಿ

ಬೆಂಗಳೂರಿನಲ್ಲಿ ನಮ್ಮದು ಚಿಕ್ಕ ಟ್ಯಾಕ್ಸ್ ಆಫೀಸು. ಹಳೇ ಕಟ್ಟಡವೊಂದರ ಕೊನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೆವು. ನೋಡಲು ಹೋದಾಗ ಬೇಸಿಗೆ, ಗೋಡೆಗೆಲ್ಲ ಹೊಸ ಪೇಂಟ್. ಮಳೆಗಾಲ ಬಂದಾಗ ಸೀಲಿಂಗ್ ಉಬ್ಬಿ ಪುಟ್ಟಿ ಉದುರಿತು. ಟ್ಯೂಬ್‌ಲೈಟ್ ಪಟ್ಟಿಯ ತುದಿಯಿಂದ ಕಂಪ್ಯೂಟರ್ ಮೇಲೇ ನೀರು ತೊಟ್ಟಿಕ್ಕತೊಡಗಿತು.

ಜೊತೆಗೆ ಮೇನ್ ಸ್ವಿಚ್ ಪದೇ ಪದೇ ಟ್ರಿಪ್. "ನಿಮ್ಮ ಕಂಪ್ಯೂಟರ್ ಜಾಸ್ತಿ ಆಯ್ತು ಸರ್, ಲೋಡ್ ತಡೀತಿಲ್ಲ" ಅಂದರು ಓನರ್. ಆದರೆ ಬಿಸಿಲಿದ್ದ ದಿನ ಅಷ್ಟೇ ಕಂಪ್ಯೂಟರ್ ಓಡಿದರೂ ಏನೂ ಆಗುತ್ತಿರಲಿಲ್ಲ. ಮಳೆ ಬಂದ ರಾತ್ರಿ ಕಳೆದು ಬೆಳಗ್ಗೆ ಬಂದರೆ, ಒಂದೂ ಮೆಷೀನ್ ಆನ್ ಮಾಡದಿದ್ದರೂ ಸ್ವಿಚ್ ನಿಲ್ಲುತ್ತಿರಲಿಲ್ಲ. ಲೋಡ್ ಜಾಸ್ತಿಯಾದರೆ ಬೀಳುವುದು ಎಂಸಿಬಿ. ನಮ್ಮಲ್ಲಿ ಬೀಳುತ್ತಿದ್ದದ್ದು ಟೆಸ್ಟ್ ಬಟನ್ ಇರುವ ಆರ್‌ಸಿಸಿಬಿ. ಕರೆಂಟು ಎಲ್ಲೋ ಸೋರಿ ಗೋಡೆಗೋ ಅರ್ಥಿಂಗ್‌ಗೋ ಹೋಗುತ್ತಿದ್ದರೆ ಅದು ಬೀಳುತ್ತದೆ. ಸಾಮಾನ್ಯವಾಗಿ 30 ಮಿಲಿಆಂಪ್ ಸೋರಿದರೂ ಸಾಕು.

ನಾವೇ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನ ಕರೆಸಿದೆವು. ಅವರು ಈ ಸ್ವಿಚ್‌ಗಳೆಲ್ಲ ಇರುವ ಡಿಬಿ ಬಾಕ್ಸ್‌ನಲ್ಲಿ ಲೈಟ್ ಲೈನಿನ ಫೇಸ್, ನ್ಯೂಟ್ರಲ್ ಎರಡನ್ನೂ ಬಿಚ್ಚಿದರು. ಆರ್‌ಸಿಸಿಬಿ ಗಟ್ಟಿಯಾಗಿ ನಿಂತಿತು. ಮತ್ತೆ ಹಾಕಿದ ಕೂಡಲೇ ಬಿತ್ತು. ಅಂದರೆ ಕರೆಂಟು ಸೋರುತ್ತಿದ್ದದ್ದು ಲೈಟ್ ಲೈನಿನಲ್ಲೇ. ತಾರಸಿಯಲ್ಲಿ ಮಳೆನೀರಿನ ಪೈಪಿನ ಬಾಯಿ ಸುತ್ತ ಗಾರೆ ಬಿಟ್ಟುಹೋಗಿತ್ತು. ಅಲ್ಲಿ ಇಳಿದ ನೀರು ಸ್ಲ್ಯಾಬ್ ಒಳಗಿನ ವೈರಿಂಗ್ ಪೈಪ್ ಹಿಡಿದು ಲೈಟಿನವರೆಗೆ ಬರುತ್ತಿತ್ತು. ನೀರಿನ ಸೋರಿಕೆ, ಕರೆಂಟಿನ ಟ್ರಿಪ್ ಬೇರೆ ಬೇರೆ ಸಮಸ್ಯೆಯೇ ಆಗಿರಲಿಲ್ಲ.

ಓನರ್‌ಗೆ ತಿಳಿಸಿದೆವು. ಅವರು ಕಳಿಸಿದ ಹುಡುಗ ಮಾಡಿದ್ದೇನು ಗೊತ್ತಾ? ಆರ್‌ಸಿಸಿಬಿಯನ್ನೇ ತೆಗೆದು ಲೈನ್ ಡೈರೆಕ್ಟ್ ಕೊಡಲು ಹೊರಟ. ನಾವು ಬಿಡಲಿಲ್ಲ. ದಯವಿಟ್ಟು ನೀವೂ ಬಿಡಬೇಡಿ. ಟ್ರಿಪ್ ನಿಲ್ಲುತ್ತದೆ, ಸೋರುವ ಕರೆಂಟು ನಿಲ್ಲುವುದಿಲ್ಲ. ಒದ್ದೆ ಗೋಡೆಗೆ ಕೈ ಇಟ್ಟವರ ಜೀವ ಹೋಗಬಹುದು. ತಾರಸಿಗೂ ಹೀಗೇ ಆಯಿತು: ಮೇಲೆ ಗಾರೆ ಹಾಕಿಸುವ ಬದಲು ಒಳಗಿನಿಂದ ಪೇಂಟ್ ಬಳಿಸಿದರು. ಮುಂದಿನ ಮಳೆಗೇ ಅದು ಹಪ್ಪಳದಂತೆ ಎದ್ದು ಬಂತು.

ಆಮೇಲೆ ಬಂದದ್ದು ದೊಡ್ಡ ಹೊಡೆತ. ತಿಂಗಳ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸಲು 20ನೇ ತಾರೀಕು ಕಡೇ ದಿನ. ಅದರ ಹಿಂದಿನ ಸಂಜೆ ಅರ್ಧ ಆಫೀಸಿನ ಲೈಟು ಮಂಕಾಯಿತು, ಇನ್ನರ್ಧ ಕಣ್ಣು ಕುಕ್ಕುವಷ್ಟು ಉರಿಯಿತು. ಯುಪಿಎಸ್‌ನಿಂದ ಸುಟ್ಟ ವಾಸನೆ. ಮೀಟರ್ ಹಿಡಿದು ನೋಡಿದರೆ ಒಂದು ಫೇಸ್‌ನಲ್ಲಿ 170 ವೋಲ್ಟ್, ಇನ್ನೊಂದರಲ್ಲಿ 290. ನ್ಯೂಟ್ರಲ್ ಸಡಿಲವಾದರೆ ಹೀಗೇ ಆಗುವುದು. ಹಾಗೆ ಕಂಡ ತಕ್ಷಣ ಮೇನ್ ಆಫ್ ಮಾಡಿ, ಬೇರೇನೂ ಯೋಚಿಸಬೇಡಿ. 1912ಕ್ಕೆ ಫೋನ್ ಮಾಡಿದೆವು. ಬೆಸ್ಕಾಂನವರು ಬಂದು ನೋಡಿ, ಮೀಟರ್‌ವರೆಗೆ ಸಪ್ಲೈ ಸರಿಯಿದೆ, ಅಲ್ಲಿಂದಾಚೆ ಕಟ್ಟಡದವರದ್ದು ಅಂದರು. ಕೆಳಗಿನ ಮೀಟರ್ ಬೋರ್ಡ್ ಪಕ್ಕದಲ್ಲೇ ನೀರಿನ ಪೈಪ್ ಜಿನುಗುತ್ತಿತ್ತು. ನ್ಯೂಟ್ರಲ್ ಜಾಯಿಂಟ್ ತುಕ್ಕು ಹಿಡಿದು ಕರಿಕಾಗಿತ್ತು. ಆ ರಾತ್ರಿ ಸ್ನೇಹಿತರೊಬ್ಬರ ಆಫೀಸಿನಲ್ಲಿ ಕೂತು ರಿಟರ್ನ್ ಹಾಕಿದೆವು.

ಫೋನಿನಲ್ಲಿ "ಆಯ್ತು ಸರ್, ಮಾಡಿಸ್ತೀನಿ" ಅಂದಿದ್ದ ಓನರ್, ಯುಪಿಎಸ್ ವಿಷಯ ಬಂದಾಗ "ನೀವು ನನಗೆ ಹೇಳೇ ಇಲ್ಲ" ಅಂದರು. ನಮ್ಮನ್ನು ಉಳಿಸಿದ್ದು ಕಾಗದ. ಎಲೆಕ್ಟ್ರಿಷಿಯನ್ ಬರೆದುಕೊಟ್ಟ ವರದಿ, ತಾರೀಕು ಇರುವ ಫೋಟೊ, ಮೀಟರ್ ರೀಡಿಂಗ್ ಎಲ್ಲ ಸೇರಿಸಿ, ಎಷ್ಟು ದಿನದೊಳಗೆ ಏನೇನು ಆಗಬೇಕು ಎಂದು ಸ್ಪೀಡ್ ಪೋಸ್ಟ್‌ನಲ್ಲಿ ದೂರು ಕಳಿಸಿದೆವು. ಪತ್ರದಲ್ಲಿ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮನ್ನೂ ಹೆಸರಿಸಿದೆವು. ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು ಎನ್ನುತ್ತದೆ ಅದು. ಆದರೆ ಇಲ್ಲೊಂದು ಅಪಾಯ ಇದೆ. ಅಗ್ರಿಮೆಂಟ್‌ನಲ್ಲಿ "ಎಲ್ಲ ರಿಪೇರಿ ಬಾಡಿಗೆದಾರನದ್ದು" ಎಂಬ ಸಾಲು ಇದ್ದರೆ ಈ ದಾರಿ ಮುಚ್ಚಿಹೋಗಬಹುದು. ಸಹಿಗೆ ಮೊದಲು ಅದನ್ನು ಹೊಡೆಸಿ, ತಾರಸಿ, ಪೈಪ್ ಮತ್ತು ಮೇನ್ ವೈರಿಂಗ್ ಮಾಲೀಕರದ್ದು ಎಂದು ಬರೆಸಿ. ಸಿಟ್ಟಿಗೆ ಬಾಡಿಗೆಯನ್ನೇ ನಿಲ್ಲಿಸಬೇಡಿ, ಬಾಕಿದಾರ ಎಂದು ಖಾಲಿ ಮಾಡಿಸಲು ಅವರಿಗೆ ಕಾರಣ ಸಿಗುತ್ತದೆ. ಹಿಡಿದುಕೊಳ್ಳುವುದಾದರೂ ವಕೀಲರನ್ನು ಕೇಳಿ, ಬಿಲ್ ಕೊಟ್ಟು ಹಿಡಿಯಿರಿ.

ನಾವು ಕೊನೆಗೆ ಖಾಲಿ ಮಾಡಿದೆವು. ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ಹೆಸರಲ್ಲಿ ಮುರಿದುಕೊಂಡಿದ್ದ ಹಣ, ಪತ್ರದ ನಕಲು ಮುಂದಿಟ್ಟ ಮೇಲೆ ವಾಪಸ್ ಬಂತು. ಯುಪಿಎಸ್ ದುಡ್ಡು ಇನ್ನೂ ಬಂದಿಲ್ಲ, ವಕೀಲರ ನೋಟಿಸ್ ಹೋಗಿದೆ.