ಆಫರ್ ಲೆಟರ್‌ನಲ್ಲಿದ್ದ ವಿಳಾಸ, ದಾಖಲೆಯಲ್ಲಿದ್ದ ವಿಳಾಸ

ತುಮಕೂರಿನ ಎಪಿಎಂಸಿ ಪ್ರಾಂಗಣದ ಅಡಿಕೆ ಮಂಡಿಯೊಂದರಲ್ಲಿ ಆರು ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದ ನಾನು, ವಸಂತನರಸಾಪುರದಲ್ಲಿ ಶುರುವಾಗಲಿದೆ ಎಂದು ಹೇಳಲಾದ ಘಟಕವೊಂದರಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿತೆಂದು ನಂಬಿ, ಇದ್ದ ಕೆಲಸವನ್ನೂ 14,800 ರೂಪಾಯಿಯನ್ನೂ ಕಳೆದುಕೊಂಡೆ. ನನ್ನ ಕೈಗೆ ಬಂದ ಪತ್ರದಲ್ಲಿಯೇ ಅದು ಸುಳ್ಳೆಂದು ತೋರಿಸುವ ಗುರುತು ಅಚ್ಚಾಗಿತ್ತು. ಅದನ್ನು ಓದುವುದು ನನಗೆ ಗೊತ್ತಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಕೈಗಾರಿಕಾ ಪ್ರದೇಶಗಳ ಕೆಲಸಕ್ಕೆ ಅರ್ಜಿ ಹಾಕುತ್ತಿರುವವರಿಗಾದರೂ ತಿಳಿದಿರಲಿ ಎಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಸಂದರ್ಶನವೆಲ್ಲ ಫೋನಿನಲ್ಲೇ ನಡೆಯಿತು. ಪ್ರಶ್ನೆಗಳು ಅಸಂಬದ್ಧವಾಗಿರಲಿಲ್ಲ, ಜಿಎಸ್‌ಟಿ ರಿಟರ್ನ್, ಟಿಡಿಎಸ್, ಬ್ಯಾಂಕ್ ತಾಳೆ ಪಟ್ಟಿ ಎಲ್ಲವನ್ನೂ ಕೇಳಿದರು. ಎರಡು ದಿನಗಳ ನಂತರ ಬಂದ ಆಫರ್ ಲೆಟರ್‌ನಲ್ಲಿ ತಿಂಗಳಿಗೆ 27,000 ರೂಪಾಯಿ ಸಂಬಳ, ಕೆಲಸದ ಸ್ಥಳ ವಸಂತನರಸಾಪುರ, ನೋಂದಾಯಿತ ಕಚೇರಿ ಬೆಂಗಳೂರಿನ ರಾಜಾಜಿನಗರ ಎಂದಿತ್ತು. ಹೆಸರಿನ ಕೊನೆಯಲ್ಲಿ ಪ್ರೈವೇಟ್ ಲಿಮಿಟೆಡ್ ಎಂಬ ಪದಗಳಿದ್ದವು, ಲೆಟರ್‌ಹೆಡ್‌ನ ಅಡಿಯಲ್ಲಿ ಕಂಪನಿಯ ನೋಂದಣಿ ಗುರುತಾದ ಸಿಐಎನ್ ಸಂಖ್ಯೆಯೂ ಇತ್ತು. ಲ್ಯಾಪ್‌ಟಾಪಿಗೆ ಭದ್ರತಾ ಠೇವಣಿಯೆಂದು ಕೇಳಿದ ಹಣವನ್ನು ಯುಪಿಐ ಮೂಲಕ ಕಳುಹಿಸಿದೆ. ಹಣ ಹೋದದ್ದು ಕಂಪನಿಯ ಹೆಸರಿಗಲ್ಲ, ವ್ಯಕ್ತಿಯೊಬ್ಬರ ಹೆಸರಿಗೆ. ಅದನ್ನು ಗಮನಿಸಿದ್ದೆ, ಆದರೆ ಸಿಐಎನ್ ಇರುವ ಪತ್ರ ಸುಳ್ಳಾಗಿರಲಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮೂಲ ದಾಖಲೆಗಳ ಪರಿಶೀಲನೆಗೆಂದು ಅವರು ಹೇಳಿದ ದಿನ ಬೆಳಗಿನ ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ, ಅಲ್ಲಿಂದ ರಾಜಾಜಿನಗರದ ಆ ವಿಳಾಸ ಹುಡುಕಿದೆ. ಕಟ್ಟಡವಿತ್ತು. ಮೂರನೆಯ ಮಹಡಿಯೂ ಇತ್ತು. ಅಲ್ಲಿ ನಡೆಯುತ್ತಿದ್ದದ್ದು ಹೊಲಿಗೆ ತರಬೇತಿ ಕೇಂದ್ರ. ಅದನ್ನು ನಡೆಸುತ್ತಿದ್ದ ಅಮ್ಮ ನನ್ನ ಪತ್ರ ನೋಡಿ, ಆ ವಾರದಲ್ಲಿ ಅದೇ ಹೆಸರು ಹೇಳಿಕೊಂಡು ಬಂದವರಲ್ಲಿ ನಾನು ಮೂರನೆಯವನು ಎಂದರು. ಫೋನ್ ಮಾಡಿದರೆ ಸ್ವಿಚ್ ಆಫ್.

ಅಂದು ಸಂಜೆ ನಮ್ಮ ಮಂಡಿಯ ಲೆಕ್ಕ ನೋಡುವ ಆಡಿಟರ್ ಸರ್ ಬಳಿಗೆ ಪತ್ರ ತೆಗೆದುಕೊಂಡು ಹೋದೆ. ಅವರು ಕಂಪ್ಯೂಟರನ್ನು ಮುಟ್ಟಲೂ ಇಲ್ಲ. ಪತ್ರದ ಅಡಿಯಲ್ಲಿದ್ದ ಸಂಖ್ಯೆಯ ಮೇಲೆ ಪೆನ್ಸಿಲ್ ಇಟ್ಟು, "ಇಲ್ಲಿ ನೋಡಪ್ಪ, ಇದು ತಮಿಳುನಾಡಿನ ಕಂಪನಿ. ರಿಜಿಸ್ಟರ್ಡ್ ಆಫೀಸು ರಾಜಾಜಿನಗರದಲ್ಲಿ ಹೇಗಿರುತ್ತೆ?" ಎಂದರು.

ಅವರು ವಿವರಿಸಿದ್ದು ಇದು. ಸಿಐಎನ್ ಎಂಬುದು ಪ್ರತಿ ಕಂಪನಿಗೆ ನೋಂದಣಿಯ ಸಮಯದಲ್ಲಿ ಸಿಗುವ, ಅಕ್ಷರ ಮತ್ತು ಅಂಕಿಗಳು ಸೇರಿ 21 ಸ್ಥಾನಗಳ ಗುರುತು. ಮೊದಲನೆಯದು L ಅಥವಾ U. ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಗೆ L, ಉಳಿದವಕ್ಕೆ U. ಅನಂತರದ ಐದು ಅಂಕಿಗಳು ಉದ್ಯಮದ ವರ್ಗವನ್ನು ಹೇಳುತ್ತವೆ. ಏಳನೆಯ ಮತ್ತು ಎಂಟನೆಯ ಸ್ಥಾನದ ಎರಡು ಅಕ್ಷರಗಳು ರಾಜ್ಯದವು, ಕರ್ನಾಟಕಕ್ಕೆ KA. ಬಳಿಕ ನೋಂದಣಿಯಾದ ವರ್ಷದ ನಾಲ್ಕು ಅಂಕಿಗಳು, ಪ್ರೈವೇಟ್ ಕಂಪನಿಯಾದರೆ PTC ಎಂಬಂಥ ಮೂರು ಅಕ್ಷರಗಳು, ಕೊನೆಗೆ ಆರು ಅಂಕಿಗಳ ನೋಂದಣಿ ಸಂಖ್ಯೆ. ನನ್ನ ಪತ್ರದಲ್ಲಿ ಏಳು ಮತ್ತು ಎಂಟನೆಯ ಸ್ಥಾನದಲ್ಲಿ TN ಎಂದಿತ್ತು.

ಒಂದು ಕಂಪನಿಗೆ ಹತ್ತು ಊರುಗಳಲ್ಲಿ ಶಾಖೆ, ಗೋದಾಮು, ಕಾರ್ಖಾನೆ ಇರಬಹುದು, ಆದರೆ ಒಂದು ಕಾಲಕ್ಕೆ ನೋಂದಾಯಿತ ಕಚೇರಿ ಒಂದೇ ಇರುತ್ತದೆ. ಅದನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸ್ಥಳಾಂತರಿಸಬೇಕಾದರೆ ಸರ್ಕಾರದ ಅನುಮತಿ ಪಡೆಯಬೇಕು, ಹಾಗೆ ಸ್ಥಳಾಂತರವಾದಾಗ ಸಿಐಎನ್‌ನಲ್ಲಿರುವ ರಾಜ್ಯದ ಅಕ್ಷರಗಳೂ ಬದಲಾಗುತ್ತವೆ. ಆದ್ದರಿಂದ TN ಇರುವ ಸಂಖ್ಯೆಯ ಪಕ್ಕದಲ್ಲಿಯೇ ಬೆಂಗಳೂರಿನ ನೋಂದಾಯಿತ ಕಚೇರಿಯನ್ನು ಅಚ್ಚು ಹಾಕಿದ ಪತ್ರ ತನ್ನನ್ನು ತಾನೇ ಸುಳ್ಳು ಮಾಡಿಕೊಂಡಿತ್ತು. ಇದನ್ನು ನೋಡಲು ಇಂಟರ್ನೆಟ್ಟೂ ಬೇಕಿರಲಿಲ್ಲ.

ಅನಂತರ ಅವರು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣ mca.gov.in ತೆರೆದು, ಲಾಗಿನ್ ಆಗಿ, View Company or LLP Master Data ಎಂಬಲ್ಲಿ ಆ ಸಂಖ್ಯೆಯನ್ನು ಹಾಕಿದರು. ಇದಕ್ಕೆ ಶುಲ್ಕವಿಲ್ಲ, ಯಾರು ಬೇಕಾದರೂ ಬಳಕೆದಾರರಾಗಿ ನೋಂದಾಯಿಸಿಕೊಂಡು ನೋಡಬಹುದು. ಕಂಪನಿ ನಿಜವಾಗಿಯೂ ಇತ್ತು. ಅದರ ಸ್ಥಿತಿ Active ಎಂದೇ ಇತ್ತು. ಆದರೆ ನೋಂದಾಯಿತ ವಿಳಾಸ ಕೊಯಮತ್ತೂರಿನದು, ಹೆಸರಿನಲ್ಲಿಯೂ ಒಂದು ಪದದ ವ್ಯತ್ಯಾಸ. ಯಾರದೋ ಸಕ್ರಿಯ ಕಂಪನಿಯ ಸಂಖ್ಯೆಯನ್ನು ಎತ್ತಿಕೊಂಡು, ಹೆಸರನ್ನು ಸ್ವಲ್ಪ ತಿದ್ದಿ, ನಾವು ಸುಲಭವಾಗಿ ನಂಬುವ ಊರಿನ ವಿಳಾಸವನ್ನು ಅಂಟಿಸಿದ್ದರು. ಕೊಯಮತ್ತೂರಿನ ಆ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ನನ್ನ ಪತ್ರದ ಪ್ರತಿ ಕಳುಹಿಸಿದೆ. ತಮಗೆ ಕರ್ನಾಟಕದಲ್ಲಿ ಘಟಕವೂ ಇಲ್ಲ, ನೇಮಕಾತಿಯೂ ನಡೆಯುತ್ತಿಲ್ಲ, ತಾವೂ ದೂರು ಕೊಡುತ್ತೇವೆ ಎಂದು ಅವರು ಉತ್ತರ ಬರೆದರು.

ಹಣ ಕಳುಹಿಸಿ ಒಂಬತ್ತು ದಿನ ಕಳೆದ ಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಇಂಥ ಅಪರಾಧಗಳನ್ನು ನೋಡಿಕೊಳ್ಳುವ ತುಮಕೂರಿನ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟೆ. ಅಷ್ಟರಲ್ಲಿ ಆ ಖಾತೆಯಿಂದ ಹಣ ಬೇರೆಡೆಗೆ ಹೋಗಿತ್ತು. ಮಂಡಿಯ ಸಾಹುಕಾರರು ನನ್ನ ಜಾಗಕ್ಕೆ ಬೇರೊಬ್ಬರನ್ನು ತೆಗೆದುಕೊಂಡಿದ್ದರು. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಇಲ್ಲಿಗೆ ಮುಗಿಸಿದರೆ, ವಿಳಾಸ ತಾಳೆಯಾದರೆ ಸಾಕು ಎಂದು ಓದಿದವರಿಗೆ ಅನ್ನಿಸಬಹುದು. ಹಾಗಲ್ಲ. ಎರಡು ತಿಂಗಳ ನಂತರ ಗುಬ್ಬಿಯ ನನ್ನ ಗೆಳೆಯನಿಗೆ ಇನ್ನೊಂದು ಕಂಪನಿಯ ಹೆಸರಿನಲ್ಲಿ ಇಂಥದೇ ಪತ್ರ ಬಂತು. ಆ ಬಾರಿ ಸಿಐಎನ್‌ನಲ್ಲಿ KA ಇತ್ತು, ಹೆಸರು ಅಕ್ಷರಶಃ ಹೊಂದುತ್ತಿತ್ತು, ವಿಳಾಸವೂ ಪಿನ್‌ಕೋಡ್ ಸಹಿತ ಮಾಸ್ಟರ್ ಡೇಟಾದಲ್ಲಿದ್ದಂತೆಯೇ ಇತ್ತು. ಸಾರ್ವಜನಿಕ ದಾಖಲೆಯನ್ನು ನಾವು ನೋಡಬಹುದಾದರೆ ವಂಚಕರೂ ನೋಡಿ ನಕಲು ಮಾಡಬಹುದಲ್ಲವೆ? ಹೊಂದದ ವಿಳಾಸ ಅನುಮಾನಕ್ಕೆ ಕಾರಣ. ಹೊಂದುವ ವಿಳಾಸ ಮಾತ್ರದಿಂದ ಪತ್ರವನ್ನು ಆ ಕಂಪನಿಯೇ ಕಳುಹಿಸಿತೆಂದು ಸಾಬೀತಾಗುವುದಿಲ್ಲ. ಹಾಗಾಗಿ ದಾಖಲೆಯಲ್ಲಿರುವ ವಿಳಾಸವನ್ನು ಕಣ್ಣಿನಲ್ಲಿ ತಾಳೆ ನೋಡಿ ಬಿಡಬಾರದು, ಆ ವಿಳಾಸದ ಮೂಲಕವೇ ಕಂಪನಿಯನ್ನು ತಲುಪಿ, ಈ ಪತ್ರ ನಿಮ್ಮದೇ ಎಂದು ಕೇಳಬೇಕು. ಪತ್ರದಲ್ಲಿರುವ ಫೋನ್ ಸಂಖ್ಯೆಗೆ ಕರೆ ಮಾಡಿ ಕೇಳಿದರೆ ಉತ್ತರಿಸುವವರು ಪತ್ರ ಬರೆದವರೇ ಆಗಿರುತ್ತಾರೆ. ಗೆಳೆಯ ಬೆಂಗಳೂರಿನ ಆ ವಿಳಾಸಕ್ಕೆ ಖುದ್ದಾಗಿ ಹೋದ. ಬಾಗಿಲಲ್ಲಿ ಕಂಪನಿಯ ಫಲಕವಿತ್ತು, ಒಳಗೆ ಅವನ ಪತ್ರದ ಸುಳಿವೇ ಯಾರಿಗೂ ಇರಲಿಲ್ಲ. ಅವನ ಹಣ ಉಳಿಯಿತು.

ಫಲಕದ ವಿಷಯದಲ್ಲಿ ನನಗೆ ಆಮೇಲೆ ತಿಳಿದ ಸಂಗತಿಯೊಂದಿದೆ. 2013ರ ಕಂಪನಿಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಕಂಪನಿ ವ್ಯವಹಾರ ನಡೆಸುವ ಪ್ರತಿ ಸ್ಥಳದ ಹೊರಗೆ ತನ್ನ ಹೆಸರನ್ನೂ ನೋಂದಾಯಿತ ಕಚೇರಿಯ ವಿಳಾಸವನ್ನೂ ಎದ್ದು ಕಾಣುವಂತೆ ಹಾಕಬೇಕು, ಅದು ಆ ಪ್ರದೇಶದಲ್ಲಿ ಬಳಕೆಯಲ್ಲಿರುವ ಭಾಷೆಯ ಲಿಪಿಯಲ್ಲಿಯೂ ಇರಬೇಕು. ಲೆಟರ್‌ಹೆಡ್ಡಿನಲ್ಲಿ ಹೆಸರು, ನೋಂದಾಯಿತ ವಿಳಾಸ, ಸಿಐಎನ್, ದೂರವಾಣಿ ಸಂಖ್ಯೆ ಅಚ್ಚಾಗಿರಬೇಕೆಂದು ಹೇಳುವುದೂ ಅದೇ ಕಲಮು. ಹೀಗಿರುವಾಗ ಪ್ರೈವೇಟ್ ಲಿಮಿಟೆಡ್ ಎಂದು ಬರೆದುಕೊಂಡು ಸಿಐಎನ್ ಇಲ್ಲದ ಪತ್ರ ಬಂದರೆ, ಅದನ್ನು ಕೇಳುವ ಹಕ್ಕು ಅಭ್ಯರ್ಥಿಗಿದೆ, ಕೊಡುವುದು ಕಂಪನಿಗೆ ಕಷ್ಟವೂ ಅಲ್ಲ. ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆಗಳಾದ ಎಲ್‌ಎಲ್‌ಪಿಗಳಿಗೆ ಸಿಐಎನ್ ಬದಲು ಎಲ್‌ಎಲ್‌ಪಿಐಎನ್ ಎಂಬ ಸಂಖ್ಯೆ ಇರುತ್ತದೆ, ಅವೂ ಅದೇ ಜಾಲತಾಣದಲ್ಲಿ ಸಿಗುತ್ತವೆ. ಒಬ್ಬರೇ ಮಾಲೀಕರಿರುವ ಅಂಗಡಿ, ಏಜೆನ್ಸಿ, ಸಾಮಾನ್ಯ ಪಾಲುದಾರಿಕೆ ಸಂಸ್ಥೆಗಳು ಅಲ್ಲಿ ಇರುವುದಿಲ್ಲ. ಅಂಥವರಿಗೆ ಜಿಎಸ್‌ಟಿ ನೋಂದಣಿಯಿದ್ದರೆ ಅದರ ಜಾಲತಾಣದಲ್ಲಿ ಜಿಎಸ್‌ಟಿ ಸಂಖ್ಯೆ ಹಾಕಿ ವ್ಯವಹಾರದ ಮುಖ್ಯ ಸ್ಥಳವನ್ನು ನೋಡಬಹುದು. ಕರ್ನಾಟಕದ ಸಂಖ್ಯೆ 29ರಿಂದ ಆರಂಭವಾಗುತ್ತದೆ.

ಪ್ರಾಮಾಣಿಕ ಕಂಪನಿಗಳ ವಿಳಾಸವೂ ಕೆಲವೊಮ್ಮೆ ವಿಚಿತ್ರವಾಗಿ ಕಾಣುತ್ತದೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಸಣ್ಣ ಕಂಪನಿಗಳು ನಿರ್ದೇಶಕರ ಮನೆಯನ್ನೋ ಆಡಿಟರ್ ಕಚೇರಿಯನ್ನೋ ನೋಂದಾಯಿತ ಕಚೇರಿಯಾಗಿ ತೋರಿಸಿರುತ್ತವೆ, ಕಾರ್ಖಾನೆ ಬೇರೆಡೆ ಇರುತ್ತದೆ. ಪತ್ರದಲ್ಲಿ ಕೆಲಸದ ಸ್ಥಳವನ್ನೂ ನೋಂದಾಯಿತ ಕಚೇರಿಯನ್ನೂ ಬೇರೆ ಬೇರೆಯಾಗಿ ಬರೆದಿದ್ದು, ಎರಡನೆಯದು ದಾಖಲೆಗೆ ಹೊಂದುತ್ತಿದ್ದರೆ ಅದು ದೋಷವಲ್ಲ. Company Status ಎದುರು Strike Off ಎಂದಿದ್ದರೆ ಮಾತ್ರ ಬೇರೆ ಮಾತು: ಆ ಕಂಪನಿಯ ಹೆಸರನ್ನು ರಿಜಿಸ್ಟ್ರಾರ್ ನೋಂದಣಿ ಪುಸ್ತಕದಿಂದಲೇ ತೆಗೆದುಹಾಕಿದ್ದಾರೆ ಎಂದರ್ಥ, ಅದರ ಹೆಸರಿನಲ್ಲಿ ಬಂದ ಪತ್ರಕ್ಕೆ ಒಪ್ಪಿಗೆ ಕೊಡಬಾರದು.

ಕಳೆದ ತಿಂಗಳು ಹಿರೇಹಳ್ಳಿ ಕೈಗಾರಿಕಾ ಪ್ರದೇಶದ ಕಂಪನಿಯೊಂದರಿಂದ ನನಗೆ ಆಫರ್ ಲೆಟರ್ ಬಂತು. ಸಿಐಎನ್‌ನಲ್ಲಿ KA ಇತ್ತು, ಹೆಸರು ಸರಿಯಿತ್ತು, ಆದರೆ ಪತ್ರದಲ್ಲಿದ್ದ ನೋಂದಾಯಿತ ವಿಳಾಸ ಒಂದು, ಮಾಸ್ಟರ್ ಡೇಟಾದಲ್ಲಿದ್ದದ್ದು ಇನ್ನೊಂದು, ಎರಡೂ ತುಮಕೂರಿನವೇ. ಕಚೇರಿಗೆ ಹೋಗಿ ಎರಡು ಕಾಗದಗಳನ್ನೂ ಮುಂದಿಟ್ಟು ಕೇಳಿದೆ. ಅಲ್ಲಿನ ಮೇಡಂ ಬೇಸರಿಸಿಕೊಳ್ಳದೆ, ಎರಡು ವಾರಗಳ ಹಿಂದೆ ಕಚೇರಿ ಸ್ಥಳಾಂತರವಾಗಿದೆ ಎಂದು ಹೇಳಿ, ವಿಳಾಸ ಬದಲಾವಣೆಗೆ ಸಲ್ಲಿಸಿದ್ದ ಐಎನ್‌ಸಿ-22 ನಮೂನೆಯ ಪ್ರತಿಯನ್ನು ರಸೀದಿ ಸಮೇತ ತೋರಿಸಿದರು. ಕಚೇರಿ ಬದಲಾದ 30 ದಿನಗಳೊಳಗೆ ಅದನ್ನು ಸಲ್ಲಿಸಲು ಕಂಪನಿಗೆ ಅವಕಾಶವಿದೆ, ಆ ನಡುವೆ ಇಂಥ ವ್ಯತ್ಯಾಸ ಕಾಣಿಸುವುದು ಸಹಜ ಎಂದು ಆಡಿಟರ್ ಸರ್ ಕೂಡ ಹೇಳಿದರು. ಆದರೂ ನಾನು ಒಂದಿಷ್ಟು ಸಮಯ ಕೇಳಿದೆ, ಅವರು ಒಪ್ಪಿದರು. ಹನ್ನೊಂದನೆಯ ದಿನ ದಾಖಲೆಯಲ್ಲಿ ಹೊಸ ವಿಳಾಸ ಬಂದಿತ್ತು. ಮರುದಿನ ಹೋಗಿ ಸಹಿ ಹಾಕಿದೆ.