ಕಾರಿನ ಪ್ರೀಮಿಯಂ ಇಳಿಸಲು ಯಾವ ದಾರಿ?

ಬದಿಯಡ್ಕದ ಗೆಳೆಯರೊಬ್ಬರ ಪ್ರಶ್ನೆ ಇದು. ಅವರದು 1200 ಸಿಸಿ ಕಾರು. ಸ್ವಂತ ಹಾನಿಯ ಪ್ರೀಮಿಯಂ 6,000 ರೂ. ಎಂದುಕೊಳ್ಳೋಣ. ಥರ್ಡ್ ಪಾರ್ಟಿ ಭಾಗಕ್ಕೆ ಮುಂದೆ ಹೇಳುವ ರಿಯಾಯಿತಿಗಳು ತಾಗುವುದಿಲ್ಲ.

ಮೊದಲು ವಾಲಂಟರಿ ಡಿಡಕ್ಟಿಬಲ್, ಅಂದರೆ ಕ್ಲೈಮಿನಲ್ಲಿ ಇಷ್ಟು ಹಣ ನಾನೇ ಭರಿಸುತ್ತೇನೆ ಎಂದು ಒಪ್ಪುವ ಮೊತ್ತ. ಮೋಟಾರ್ ಟಾರಿಫ್ ಎಂಬ ಹಳೆಯ ದರಪಟ್ಟಿಯ ಪ್ರಕಾರ 5,000 ರೂ. ಒಪ್ಪಿದರೆ 25%, ಅಂದರೆ 1,500 ರೂ. ಉಳಿತಾಯ. ಆದರೆ ಪ್ರತಿ ಕ್ಲೈಮಿನಲ್ಲೂ ಕಡ್ಡಾಯ ಡಿಡಕ್ಟಿಬಲ್ 1,000 ಸೇರಿ 6,000 ನಿಮ್ಮ ಕೈಯಿಂದಲೇ. ಮೂರು ವರ್ಷಕ್ಕಿಂತ ಜಾಸ್ತಿ ಕ್ಲೈಮ್ ಇಲ್ಲದಿದ್ದರೆ ಮಾತ್ರ ಲಾಭ. 15,000ಕ್ಕೆ ಏರಿಸಿದರೆ ಉಳಿಯುವುದು 2,100 ಮಾತ್ರ. ಅಷ್ಟಕ್ಕೆ ಅಷ್ಟು ಹೊರೆ ಬೇಡ ಅನ್ನಿಸುತ್ತದೆ. ಬಿಡಿಭಾಗಗಳ ಸವಕಳಿ ಕಡಿತವಿಲ್ಲದ ಝೀರೋ ಡೆಪ್ ಇದ್ದರೂ ಈ ಮೊತ್ತ ಕಡಿತವಾಗುತ್ತದೆ, ಇದು ಹಲವರಿಗೆ ಗೊತ್ತಿರುವುದಿಲ್ಲ.

ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಒಪ್ಪಿದ ಕಳ್ಳತನ ತಡೆ ಸಾಧನಕ್ಕೆ 2.5%, ಇಲ್ಲಿ 150 ರೂ. ಮೊದಲೇ ಇದ್ದರೆ ಪ್ರಮಾಣಪತ್ರ ಕೊಟ್ಟು ಪಡೆಯಿರಿ. ರಿಯಾಯಿತಿಗಾಗಿಯೇ ಸುಮ್ನೆ ಕೊಳ್ಳಬೇಡಿ.

ಬರೀ ಥರ್ಡ್ ಪಾರ್ಟಿ ತೆಗೆದರೆ ಇಡೀ 6,000 ಉಳಿಯುತ್ತದೆ. ಆದರೆ ಮಳೆಗಾಲದಲ್ಲಿ ತೆಂಗಿನ ಮರ ಬಿದ್ದರೆ ಪೈಸೆಯೂ ಬರುವುದಿಲ್ಲ. ಕಾರಿನ ಬೆಲೆ ಲಕ್ಷದೊಳಗೆ ಇಳಿದು, ಆ ನಷ್ಟ ತಾಳಿಕೊಳ್ಳಬಲ್ಲಿರಾದರೆ ಸರಿ. ಸಾಲ ಬಾಕಿ ಇದ್ದರೆ ಪೂರ್ತಿ ಪಾಲಿಸಿಯೇ ಇರಲಿ. ಕುಂಬಳೆಯಿಂದ ಮಂಗಳೂರಿಗೆ ದಿನವೂ ಓಡಿಸುವವರು ಡಿಡಕ್ಟಿಬಲ್ ಬಿಡುವುದೇ ಮೇಲು.