ಸೀರೆ ಗಿರಾಕಿಯ ವಯಸ್ಸು ಕೇಳೋದಾ, "ಯಾವತ್ತಿಗೆ ಬೇಕು" ಅಂತ ಕೇಳೋದಾ? ಎರಡನ್ನೂ ಮಾಡಿ ನೋಡಿದ ಲೆಕ್ಕ

ನಲವತ್ತು ಸಾವಿರ ರೂಪಾಯಿ ಕೊಟ್ಟು ನಾನು ಒಂದು ಎಕ್ಸೆಲ್ ಹಾಳೆ ಕೊಂಡೆ. ಮನೆಯಲ್ಲಿ ಯಾರಾದರೂ ದುಬಾರಿ ಸಾಮಾನು ತಂದರೆ ಮಾವನವರು ಈಗಲೂ "ನಮ್ಮ ಸೊಸೆಯ ಹಾಳೆಗಿಂತ ಅಗ್ಗ ಬಿಡು" ಅನ್ನುತ್ತಾರೆ.

ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮದು ಸೀರೆ ಅಂಗಡಿ. ಇಳಕಲ್, ಮೊಳಕಾಲ್ಮೂರು, ಧರ್ಮಾವರಂ, ಜೊತೆಗೆ ಮುಯ್ಯಿಗೆ ಕೊಡುವ ಸೀರೆಗಳು. ಆನ್‌ಲೈನ್ ಮಾರಾಟ ಶುರು ಮಾಡಿದಾಗ ಆ ಕೆಲಸ ನನ್ನ ಪಾಲಿಗೆ ಬಂತು. ಒಂದು ಮಾರ್ಕೆಟಿಂಗ್ ಏಜೆನ್ಸಿಯವರು ನಮ್ಮ ಹಳೆಯ ಬಿಲ್ಲುಗಳನ್ನೂ ಗಿರಾಕಿ ಕಾರ್ಡಿನ ಅರ್ಜಿಗಳನ್ನೂ ತಗೊಂಡು ಹೋಗಿ, ಹುಟ್ಟಿದ ವರ್ಷ ನೋಡಿ ಎಲ್ಲರನ್ನೂ ವಯಸ್ಸಿನ ಗುಂಪು ಮಾಡಿ ಕೊಟ್ಟರು. 18-24, 25-34, 35-44, ಹೀಗೆ. ಇನ್‌ಸ್ಟಾಗ್ರಾಂ ಜಾಹೀರಾತಿನ ಪುಟದಲ್ಲೂ ಇಷ್ಟು ವಯಸ್ಸಿನಿಂದ ಇಷ್ಟು ವಯಸ್ಸಿನವರಿಗೆ ಅಂತ ಆರಿಸಬಹುದು. ಹಾಳೆ ತೆಗೆದುಕೋ, ಅಲ್ಲಿ ಹಾಕು, ಮುಗೀತು. ಕೇಳೋಕೆ ಚೆನ್ನಾಗಿತ್ತು.

ಆಮೇಲೆ ನಾನೇ ಕೂತು, ಅದೇ ಗಿರಾಕಿಗಳನ್ನು ಯಾವ ಸಂದರ್ಭಕ್ಕೆ ಸೀರೆ ಕೊಳ್ಳುತ್ತಾರೆ ಅನ್ನೋದರ ಮೇಲೆ ವಿಂಗಡಿಸಿದೆ. ಈಗ ಎರಡನೆಯದರಲ್ಲೇ ವ್ಯಾಪಾರ ನಡೆಯುತ್ತಿದೆ, ಮೊದಲನೆಯದಕ್ಕೆ ವಾಪಸ್ ಹೋಗೋ ಯೋಚನೆ ಇಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಎರಡನೆಯದು ಸಲೀಸಾಗಿ ಕೂತುಕೊಳ್ಳಲಿಲ್ಲ, ಒಂದು ವಿಷಯದಲ್ಲಿ ಸಿಕ್ಕಾಪಟ್ಟೆ ಸತಾಯಿಸಿತು.

ವಯಸ್ಸಿನ ಹಾಳೆ ಎಲ್ಲಿ ಕೆಟ್ಟಿತು ಅನ್ನೋದಕ್ಕೆ ಒಂದೇ ಬಿಲ್ ಸಾಕು. ವೈಶಾಖದಲ್ಲಿ ಆದದ್ದು. ಒಂದು ರೇಷ್ಮೆ ಸೀರೆ 14,500 ರೂಪಾಯಿ. 2,200ರ ಸೀರೆ ಎರಡು. 650ರ ಸೀರೆ ಒಂಬತ್ತು. ಹತ್ತು ರವಿಕೆ ಕಣ. ಫೋನ್ ನಂಬರು 27 ವರ್ಷದ ಒಬ್ಬ ಹುಡುಗನದು. ಏಜೆನ್ಸಿಯ ಹಾಳೆಯಲ್ಲಿ ಇವನು "25-34, ಹೆಚ್ಚು ಖರ್ಚು ಮಾಡುವವರು" ಗುಂಪಿಗೆ ಬಿದ್ದಿದ್ದ. ಆ ಗುಂಪಿಗೆ ನಾವು ಕಳಿಸಿದ್ದು ಕಪ್ಪು ಇಳಕಲ್ ಸೀರೆಯ ಫೋಟೊಗಳು, ಈಗಿನ ಹುಡುಗಿಯರಿಗೆ ಕಪ್ಪು ಇಷ್ಟ ಅಂತ. ಇಷ್ಟವೇ, ಸುಳ್ಳಲ್ಲ. ಆದರೆ ಮದುವೆ ಮನೆಗೆ ಕಪ್ಪು ಸೀರೆ ತೋರಿಸಿದರೆ ಏನಾಗುತ್ತೆ? ಅಂಗಡಿಯಲ್ಲಾದರೆ ಅಜ್ಜಿಯೊಬ್ಬರು ಗಂಟಲು ಕೆರೆದು "ಅದನ್ನ ಒಳಗಿಡಪ್ಪಾ" ಅಂತಾರೆ. ಆನ್‌ಲೈನ್‌ನಲ್ಲಿ ಯಾರೂ ಏನೂ ಹೇಳಲ್ಲ, ಸುಮ್ನೆ ನಂಬರು ಬ್ಲಾಕ್ ಮಾಡುತ್ತಾರೆ.

ಅದೇ ಬಿಲ್ಲನ್ನು ಮಾವನವರಿಗೆ ತೋರಿಸಿದೆ. ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ. "ತಂಗಿ ಮದುವೆ. ಒಂದು ಧಾರೆಗೆ, ಎರಡು ಬೀಗಿತ್ತಿಯರಿಗೆ, ಒಂಬತ್ತು ಮುಯ್ಯಿಗೆ" ಅಂದರು. ಹೆಸರೂ ಕೇಳಲಿಲ್ಲ, ವಯಸ್ಸೂ ಕೇಳಲಿಲ್ಲ.

ಹಳೆಯ ಬಿಲ್ಲುಗಳನ್ನು ನಾನು ವಿಂಗಡಿಸಿದ್ದು ಇದೇ ಕಣ್ಣಿನಿಂದ. ಒಂದೇ ರೇಟಿನ ಐದಕ್ಕಿಂತ ಜಾಸ್ತಿ ಸೀರೆ ಒಂದೇ ಬಿಲ್ಲಿನಲ್ಲಿದ್ದರೆ ಮುಯ್ಯಿ. ಜೊತೆಗೆ ಒಂದು ದುಬಾರಿ ರೇಷ್ಮೆ ಇದ್ದರೆ ಮದುವೆ ಮನೆಯವರೇ. ಹಸಿರು ಸೀರೆ ಒಂದೇ ಒಂದು, ಜೊತೆಗೆ ಹಸಿರು ಕಣ ಇದ್ದರೆ ಬಹುತೇಕ ಸೀಮಂತ. ಗೌರಿ ಹಬ್ಬದ ಹಿಂದಿನ ವಾರ ಗಂಡಸರ ನಂಬರಿನಲ್ಲಿ ಎರಡು ಮೂರು ಸೀರೆ ಹೋಗಿದ್ದರೆ ಅಕ್ಕತಂಗಿಯರಿಗೆ ತವರಿನ ಬಾಗಿನದ ಜೊತೆ ಕೊಡೋಕೆ. ವರಮಹಾಲಕ್ಷ್ಮಿಗೆ ಮುಂಚೆ ಒಂದೇ ಸೀರೆ ಕೊಂಡವರಲ್ಲಿ ಬಹಳಷ್ಟು ಜನ ಅದನ್ನು ಕೊಂಡದ್ದು ಕಳಶಕ್ಕೆ ಉಡಿಸೋಕೆ. ಅವರಿಗೆ ಜಾರುವ ಸೀರೆ ಬೇಡ, ನೆರಿಗೆ ಹಿಡಿದರೆ ನಿಲ್ಲುವಂಥದ್ದು ಬೇಕು. ಇದನ್ನು ಯಾವ ವಯಸ್ಸಿನ ಗುಂಪು ಹೇಳುತ್ತೆ ಹೇಳಿ?

ಇಲ್ಲಿಗೆ ಹಳೆ ಬಿಲ್ಲು ಆಯಿತು. ಹೊಸ ಗಿರಾಕಿಗಳ ಸಂದರ್ಭ ತಿಳಿಯೋದು ಹೇಗೆ? ನಾನು ಸತ್ತದ್ದು ಇಲ್ಲೇ.

ಬಿಲ್ಲಿಂಗ್ ಕಂಪ್ಯೂಟರಿನಲ್ಲಿ "ಸಂದರ್ಭ" ಅಂತ ಒಂದು ಕಾಲಂ ಸೇರಿಸಿ, ಒತ್ತಿದರೆ ಪಟ್ಟಿ ಇಳಿಯುವ ಹಾಗೆ ಮಾಡಿಸಿದೆ. ಮದುವೆ, ಮುಯ್ಯಿ, ಸೀಮಂತ, ಗೃಹಪ್ರವೇಶ, ಹಬ್ಬ, ದಿನಬಳಕೆ, ಇತರೆ. ವೆಬ್‌ಸೈಟಿನಲ್ಲೂ ಹಣ ಕಟ್ಟುವ ಮುಂಚೆ ಅದೇ ಪಟ್ಟಿ. ಎರಡು ತಿಂಗಳು ಖುಷಿಯಾಗಿದ್ದೆ. ಕಾಲಂ ಪೂರ್ತಿ ತುಂಬಿರುತ್ತಿತ್ತು, ಎಲ್ಲೂ ಖಾಲಿ ಇಲ್ಲ. ಆಷಾಢ ಬಂತು. ಆಷಾಢದ ರಿಯಾಯಿತಿ ಮಾರಾಟದ ಬಿಲ್ಲುಗಳನ್ನು ನೋಡುತ್ತೇನೆ, ಹತ್ತಕ್ಕೆ ಎಂಟು "ಮದುವೆ".

ಆಷಾಢದಲ್ಲಿ ಯಾರ ಮದುವೆ? ಶ್ರಾವಣದ ಮದುವೆಗೆ ಈಗಲೇ ತೆಗೆದಿಡೋರು ಇದ್ದಾರೆ, ಒಪ್ಪುತ್ತೇನೆ. ಆದರೆ 350 ರೂಪಾಯಿಯ ದಿನ ಉಡುವ ಕಾಟನ್ ಸೀರೆಗೂ ಮದುವೆ ಅಂತಲೇ ಇತ್ತು. ಕೌಂಟರಿನ ಹುಡುಗನನ್ನು ಕೇಳಿದರೆ ತಲೆ ತಗ್ಗಿಸಿದ. "ಅಕ್ಕಾ, ಅದು ಮೇಲಿರೋದು. ಎಂಟರ್ ಒತ್ತಿದ್ರೆ ಅದೇ ಬೀಳುತ್ತೆ. ಹಿಂದೆ ಜನ ನಿಂತಿರ್ತಾರೆ." ಅವನದೇನು ತಪ್ಪು? ಪಟ್ಟಿಯಲ್ಲಿ ಮದುವೆಯನ್ನು ಮೇಲಿಟ್ಟವಳು ನಾನು.

ಮದುವೆಯನ್ನು ಕೆಳಗೆ ಹಾಕಿ "ಇತರೆ"ಯನ್ನು ಮೇಲೆ ತಂದೆ. ಮುಂದಿನ ವಾರ ಊರಿಗೆ ಊರೇ "ಇತರೆ" ಆಯಿತು. ವೆಬ್‌ಸೈಟಿನಲ್ಲಿ ಇನ್ನೊಂದು ಅವಸ್ಥೆ. ಅಲ್ಲಿ ಆರಿಸಲೇಬೇಕು ಅಂತ ಇಟ್ಟಿದ್ದೆ, ಕೆಲವರು ಆ ಪುಟದಿಂದಲೇ ವಾಪಸ್ ಹೋದರು. ಒಬ್ಬರು ಫೋನ್ ಮಾಡಿ "ನಾನು ಯಾಕೆ ಸೀರೆ ತಗೋತೀನಿ ಅಂತ ನಿಮಗ್ಯಾಕ್ರೀ?" ಅಂದರು. ಸರಿಯಾದ ಪ್ರಶ್ನೆ. ಉತ್ತರ ಕೊಟ್ಟರೆ ಅವರಿಗೇನು ಸಿಗುತ್ತಿತ್ತು?

ದಾರಿ ಸಿಕ್ಕಿದ್ದು ಫಾಲ್ಸ್ ಚೀಟಿಯಲ್ಲಿ. ಫಾಲ್ಸ್, ಕುಚ್ಚು ಹಾಕೋಕೆ ಸೀರೆ ಕೊಟ್ಟರೆ ನಮ್ಮಲ್ಲಿ ಒಂದು ಚೀಟಿ ಬರೆಯುತ್ತಾರೆ. ಅದರಲ್ಲಿ "ಯಾವತ್ತಿಗೆ ಬೇಕು" ಅನ್ನೋದು ತಪ್ಪದೆ ಇರುತ್ತೆ. ಯಾಕೆಂದರೆ ಅದಿಲ್ಲದೆ ಕುಚ್ಚು ಕಟ್ಟುವವರಿಗೆ ಕೆಲಸ ಕೊಡೋಕೆ ಆಗಲ್ಲ. ಗಿರಾಕಿಯೂ ಬಾಯಿ ತುಂಬ ಹೇಳುತ್ತಾರೆ, ಹೇಳಿದರೆ ಸೀರೆ ಸಮಯಕ್ಕೆ ಸಿಗುತ್ತೆ ಅಂತ. ಹಾಗಾಗಿ ಸಂದರ್ಭದ ಪಟ್ಟಿಯನ್ನೇ ಕಿತ್ತುಹಾಕಿ ಎರಡು ಪ್ರಶ್ನೆ ಇಟ್ಟೆ. ಯಾವತ್ತಿಗೆ ಬೇಕು? ಯಾರಿಗೆ: ತಮಗೆ, ಕೊಡೋಕೆ, ದೇವರಿಗೆ? ವೆಬ್‌ಸೈಟಿನಲ್ಲಿ ಮೊದಲನೆಯದನ್ನು "ಯಾವ ದಿನದೊಳಗೆ ಕೈ ಸೇರಬೇಕು" ಅಂತ ಬದಲಿಸಿದೆ. ಬಿಟ್ಟುಹೋಗೋರು ನಿಂತರು. ತಾರೀಕು ಸಿಕ್ಕರೆ ಪಂಚಾಂಗ ಪಕ್ಕದಲ್ಲಿಟ್ಟುಕೊಂಡು ಸಂದರ್ಭವನ್ನು ನಾನೇ ಊಹಿಸಬಹುದು, ಮುಕ್ಕಾಲು ಪಾಲು ಸರಿ ಇರುತ್ತೆ.

ಇದರಿಂದ ಇನ್ನೊಂದು ಉಪಯೋಗ ಆಯಿತು. ತಮಗೆ ಅಂದವರು ರವಿಕೆ ಹೊಲಿಸಬೇಕು. ಆರಿ ವರ್ಕ್ ಮಾಡಿಸಿದರಂತೂ ಟೈಲರ್ ಎರಡು ವಾರ ಕೇಳುತ್ತಾರೆ. ಮೇಲೆ ಕೊರಿಯರ್‌ಗೆ ಆರು ದಿನ. ಕೊಡೋಕೆ, ದೇವರಿಗೆ ಅಂದವರಿಗೆ ಕೊರಿಯರ್ ಒಂದೇ ಲೆಕ್ಕ. B ಕಾಲಂನಲ್ಲಿ ಬೇಕಾದ ದಿನ, C ಕಾಲಂನಲ್ಲಿ ಯಾರಿಗೆ ಅನ್ನೋದು. ಸೀರೆ ನಮ್ಮ ಅಂಗಡಿ ಬಿಡಬೇಕಾದ ಕೊನೆಯ ದಿನ ಹೀಗೆ ಬರುತ್ತೆ:

```
=IF(B2="","",B2-IF(C2="ತಮಗೆ",20,6))
```

ಈ ದಿನ ಆಗಲೇ ದಾಟಿದ್ದರೆ ನಾವೇ ಫೋನ್ ಮಾಡಿ, ರೆಡಿ ರವಿಕೆ ಆಗುತ್ತಾ ಅಂತ ಕೇಳುತ್ತೇವೆ, ಇಲ್ಲವಾದರೆ ಆರ್ಡರ್ ಬೇಡ ಅನ್ನುತ್ತೇವೆ. ವಯಸ್ಸಿನ ಹಾಳೆಯ ಕಾಲದಲ್ಲಿ ನಮಗೆ ವಾಪಸ್ ಬಂದ ಸೀರೆಗಳಲ್ಲಿ ಬಹಳಷ್ಟು ಬಣ್ಣ ಹಿಡಿಸದೆ ಬಂದದ್ದಲ್ಲ. ಕಾರ್ಯ ಮುಗಿದ ಮೇಲೆ ತಲುಪಿ ಬಂದದ್ದು.

ಪಂಚಾಂಗ ಅಂದೆನಲ್ಲ, ಅದನ್ನು ನಿಜವಾಗಿ ಪಕ್ಕದಲ್ಲಿಟ್ಟುಕೊಳ್ಳಬೇಕು. ವರಮಹಾಲಕ್ಷ್ಮಿ 2023ರಲ್ಲಿ ಆಗಸ್ಟ್ 25ಕ್ಕೆ ಬಂದಿತ್ತು, ಅಧಿಕ ಶ್ರಾವಣ ಇತ್ತಲ್ಲ. 2025ರಲ್ಲಿ ಆಗಸ್ಟ್ 8ಕ್ಕೇ ಬಂತು. ಹಳೆಯ ವರ್ಷದ ತಾರೀಕು ನೋಡಿ ಜಾಹೀರಾತು ಇಟ್ಟರೆ ಹಬ್ಬ ಮುಗಿದು ಎರಡು ವಾರಕ್ಕೆ ಕಳಶದ ಸೀರೆ ಮಾರಿದಂತೆ.

ಎರಡನ್ನೂ ಒಂದೇ ಸಲ ತೂಗಿ ನೋಡಿದ್ದೂ ಉಂಟು. ಗೌರಿ ಹಬ್ಬಕ್ಕೆ ಮುಂಚಿನ ಹದಿನೈದು ದಿನ ತಲಾ ಐದು ಸಾವಿರ ರೂಪಾಯಿ ಜಾಹೀರಾತು. ವಯಸ್ಸಿನ ಗುಂಪಿನಿಂದ 9 ಆರ್ಡರ್, ಅದರಲ್ಲಿ 3 ವಾಪಸ್. ಸಂದರ್ಭದ ಗುಂಪಿನಿಂದ 21, ವಾಪಸ್ 2. ಹಬ್ಬದ ಸಮಯ, ಸಂದರ್ಭಕ್ಕೆ ಅನುಕೂಲ ಜಾಸ್ತಿ ಅಂತ ಯಾರಾದರೂ ಅಂದರೆ ನಾನು ಜಗಳಕ್ಕೆ ಬರಲ್ಲ.

ವಯಸ್ಸು ಪೂರ್ತಿ ದಂಡ ಅಲ್ಲ. ಒಂಬತ್ತು ಗಜದ ಸೀರೆ ಕೇಳೋರು ಹಿರಿಯರೇ, ಅದಕ್ಕೆ ಆ ಹಾಳೆ ಈಗಲೂ ತೆಗೆಯುತ್ತೇನೆ. ಹಗುರ ಸೀರೆಗೂ ಅಷ್ಟೇ.

ಸಂದರ್ಭದ ಲೆಕ್ಕದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಮಾತ್ರ ಯಾರೂ ಮಾಡಬೇಡಿ. ಸೀಮಂತಕ್ಕೆ ಸೀರೆ ಕೊಂಡವರಿಗೆ ನಾಲ್ಕು ತಿಂಗಳಾದ ಮೇಲೆ "ನಾಮಕರಣಕ್ಕೆ ಸೀರೆ ನೋಡಿದಿರಾ?" ಅಂತ ತಾನಾಗಿ ಮೆಸೇಜು ಹೋಗುವಂತೆ ಇಟ್ಟಿದ್ದೆ. ಒಬ್ಬರಿಂದ ಉತ್ತರ ಬಂತು. "ಮಗು ಉಳೀಲಿಲ್ಲ ಅಕ್ಕಾ." ನಾನು ಫೋನ್ ಮಾಡಿ ಕ್ಷಮೆ ಕೇಳಿದೆ. ಆ ದಿನವೇ ಅದನ್ನು ನಿಲ್ಲಿಸಿದೆ. ಈಗ ಪಂಚಾಂಗದಲ್ಲಿ ಇರೋದನ್ನು ಮಾತ್ರ ಮುಂದಾಗಿ ನೆನಪಿಸುತ್ತೇವೆ, ಮನೆಯೊಳಗಿನ ಕಾರ್ಯಗಳನ್ನು ಅವರೇ ಬಂದು ಹೇಳಬೇಕು. ಆ 27ರ ಹುಡುಗನಿಗೆ ಭಾದ್ರಪದಕ್ಕೆ ಮುಂಚೆ ಒಂದು ಸಾಲು ಕಳಿಸಿದ್ದೆ, ಗೌರಿ ಹಬ್ಬಕ್ಕೆ ಸೀರೆಗಳು ಬಂದಿವೆ ಅಂತ ಅಷ್ಟೇ. ತಂಗಿಯ ಮೊದಲ ಗೌರಿ ಅಲ್ವಾ, ಅವನೇ ಬಂದ.

ನನ್ನ ತೀರ್ಮಾನ ನನ್ನ ಅಂಗಡಿಗೆ ಅಳೆದದ್ದು. ಇಲ್ಲಿ ಆನ್‌ಲೈನ್ ಕೆಲಸಕ್ಕೆ ನಾನೊಬ್ಬಳು, ಅರ್ಧ ದಿನಕ್ಕೆ ಒಬ್ಬ ಹುಡುಗ. ಮೆಸೇಜು ಹೋಗೋದು ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ, ಒಂದು ಪಟ್ಟಿಗೆ 256 ಜನ, ಅದೂ ನಮ್ಮ ನಂಬರು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತೆ. ಹಾಗಾಗಿ ನಾಲ್ಕೇ ಗುಂಪು ಇಟ್ಟಿದ್ದೇನೆ: ಮದುವೆ ಮನೆ, ಕೊಡೋಕೆ, ಹಬ್ಬ, ಮತ್ತೆ ದಿನಬಳಕೆ. ಮದುವೆ ಮನೆಯ ಗುಂಪಿನಲ್ಲಿ ಯಾರನ್ನೂ ತಾರೀಕು ದಾಟಿದ ಮೇಲೆ ಒಂದು ವಾರಕ್ಕಿಂತ ಜಾಸ್ತಿ ಇಟ್ಟುಕೊಳ್ಳಲ್ಲ. ಕೊಡೋಕೆ ಗುಂಪಿಗೆ ಬಿಡಿ ಸೀರೆಯ ಫೋಟೊ ಕಳಿಸಲ್ಲ. ಒಂದೇ ರೇಟು, ಹತ್ತು ಬಣ್ಣ, ಒಟ್ಟಿಗೆ ಹರಡಿದ ಒಂದೇ ಚಿತ್ರ. ನಾದಿನಿಯರಲ್ಲಿ ಒಬ್ಬರ ಸೀರೆ ಇನ್ನೊಬ್ಬರದಕ್ಕಿಂತ ಐವತ್ತು ರೂಪಾಯಿ ಕಡಿಮೆ ಅಂತ ಗೊತ್ತಾದರೆ ಆ ಮದುವೆಯ ಮಾತು ಹತ್ತು ವರ್ಷ ಇರುತ್ತೆ.

ಐದನೆಯ ಗುಂಪು ಒಂದು ಬೇಕು ಅನಿಸುತ್ತಿದೆ. ತಾರೀಕು ಕೇಳಿದ ಕಡೆ ಖಾಲಿ ಬಿಟ್ಟು, ಯಾರಿಗೆ ಅಂದರೆ ತಮಗೆ ಅಂತ ಒತ್ತಿ, ರಾತ್ರಿ ಹನ್ನೊಂದಕ್ಕೆ ಒಂದು ಸೀರೆ ಕೊಳ್ಳುವವರು. ಅವರಿಗೆ ಏನು ಹೆಸರಿಡೋದು ಅಂತ ಇನ್ನೂ ತೋಚಿಲ್ಲ. ಸದ್ಯಕ್ಕೆ ಹಾಳೆಯಲ್ಲಿ "ಸುಮ್ನೆ" ಅಂತ ಬರೆದಿದ್ದೇನೆ.